ಥರ್ಮಾಮೀಟರ್ ಇಳೀತು, ನಾಡಿ ಇಳೀಲಿಲ್ಲ

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರೋದು ಇಪ್ಪತ್ತು ನಿಮಿಷ. ಆಮೇಲೆ ಮಂಡಕ್ಕಿ, ಮಿರ್ಚಿ ಇದೆ ಅಂತ ಕಾರ್ಯದರ್ಶಿಗಳು ಮೊದಲೇ ಹೇಳಿಬಿಟ್ಟಿದ್ದಾರೆ. ಹಾಗಾಗಿ ನಿಮ್ಮ ಗಮನ ಎಲ್ಲಿದೆ ಅಂತ ನನಗೆ ಗೊತ್ತು.

ಇವತ್ತು ಬಂದಿದ್ದಕ್ಕೆ ಒಂದು ಕಾರಣ ಇದೆ. ಹೋದ ವಾರ ಕುಂದವಾಡ ಕೆರೆ ಏರಿ ಮೇಲೆ ನಮ್ಮವರೇ ನಾಲ್ಕು ಜನ ಕೆಮ್ಮುತ್ತಾ ಓಡುತ್ತಿದ್ದರು. ಒಬ್ಬರನ್ನ ನಿಲ್ಲಿಸಿ ಕೇಳಿದೆ. "ಡಾಕ್ಟ್ರೆ, ಜ್ವರ ಬಿಟ್ಟು ಎರಡು ದಿನ ಆಯ್ತು, ಬೆವರು ಸುರಿಸಿದ್ರೆ ಉಳಿದದ್ದೂ ಹೋಗುತ್ತೆ" ಅಂದರು. ವೈರಸ್ ಬೆವರಿನ ಜೊತೆ ಹೋಗಲ್ಲ, ಸ್ವಾಮಿ. ಜ್ವರ ಬಿಡೋದು ಒಂದು, ಮೈ ಸುಧಾರಿಸೋದು ಇನ್ನೊಂದು. ಈ ಎರಡರ ನಡುವೆ ಎಷ್ಟು ದಿನದ ಅಂತರ ಇದೆ ಅನ್ನೋದನ್ನ ಥರ್ಮಾಮೀಟರ್ ಹೇಳಲ್ಲ, ಬೆಳಗಿನ ನಾಡಿ ಸುಮಾರಾಗಿ ಹೇಳುತ್ತೆ.

ನನ್ನ ಬಾಮೈದನ ಕಥೆ ಹೇಳ್ತೀನಿ. ಅವನು ಇಲ್ಲಿಲ್ಲ, ಧೈರ್ಯವಾಗಿ ಹೇಳಬಹುದು. 48 ವರ್ಷ, ಬಟ್ಟೆ ಅಂಗಡಿ. ದಿನಾ ಒಂದು ಗಂಟೆ ಬಿರುಸಾಗಿ ನಡೀತಾನೆ, ಭಾನುವಾರ ಶಟಲ್. ಅವನಲ್ಲಿ ಒಂದೇ ಒಂದು ಒಳ್ಳೆ ಗುಣ ಅಂದ್ರೆ ಲೆಕ್ಕ ಬರೆಯೋದು. ನಾನು ಹೇಳಿದ್ದೆ ಅಂತ ಅಂಗಡಿ ಪುಸ್ತಕದ ಕೊನೇ ಹಾಳೆಯಲ್ಲಿ ಬೆಳಗಿನ ನಾಡಿಯನ್ನೂ ಬರೆದಿಡ್ತಿದ್ದ. ಚೆನ್ನಾಗಿದ್ದಾಗ 61, 62, 63. ಅಂದ್ರೆ ಅವನ ಅಂಕಿ 62.

ಸೋಮವಾರ ಜ್ವರ ಬಂತು. 102 ಡಿಗ್ರಿ, ಮೈಕೈ ನೋವು, ನಾಡಿ 96. ಅದು ಸಹಜ. ಮೈ ಒಂದು ಸೆಲ್ಸಿಯಸ್ ಡಿಗ್ರಿ ಬಿಸಿಯಾದ್ರೆ ನಾಡಿ ಹೆಚ್ಚುಕಮ್ಮಿ ಹತ್ತು ಬಡಿತ ಏರುತ್ತೆ, ಜೊತೆಗೆ ನೀರು ಸಾಲದೇ ಇದ್ರೆ ಇನ್ನಷ್ಟು. ಶುಕ್ರವಾರ ಜ್ವರ ಬಿಡ್ತು. ಶನಿವಾರ ಪ್ಯಾರಾಸಿಟಮಾಲ್ ಇಲ್ಲದೇನೇ ಮೈ ತಣ್ಣಗಿತ್ತು. ಇದು ಮುಖ್ಯ. ಮಾತ್ರೆ ನುಂಗಿ ಇಳಿಸಿದ ಜ್ವರ, ಅದರ ಜೊತೆ ಇಳಿದ ನಾಡಿ, ಎರಡನ್ನೂ ಲೆಕ್ಕಕ್ಕೆ ಹಿಡೀಬೇಡಿ.

ಭಾನುವಾರ ಬೆಳಗ್ಗೆ ನಾಡಿ 78. ಪುಸ್ತಕದಲ್ಲಿ ತಾನೇ ಬರೆದ. ಬರೆದು ಕೆರೆಗೆ ಹೋದ! ಒಂದು ಗಂಟೆ ನಡೆದು ಬಂದು ನನಗೆ ಫೋನ್ ಮಾಡಿದ. "ಭಾವ, ಏನೂ ಆಗ್ಲಿಲ್ಲ, ನೀವು ಸುಮ್ನೆ ಹೆದರಿಸ್ತೀರಿ." ಸೋಮವಾರ 80. ಮಂಗಳವಾರ 88. ಅವತ್ತು ಮಧ್ಯಾಹ್ನ ಗಿರಾಕಿ ಎದುರಿಗೆ ಸೀರೆ ಬಿಚ್ಚಿ ಹರವಿ, ಅದರ ಮೇಲೇ ಕೈಯೂರಿ ತೂಕಡಿಸಿದನಂತೆ. ಗಿರಾಕಿ ಸೀರೆ ಚೆನ್ನಾಗಿಲ್ಲ ಅಂದ್ಕೊಂಡು ಎದ್ದು ಹೋದಳು.

ನಾನು ಒತ್ತಿ ಹೇಳಬೇಕಾದ್ದು ಇದನ್ನೇ. ನಡೆಯುವಾಗ ಏನೂ ಆಗಲಿಲ್ಲ. ಪೆಟ್ಟು ಬಿದ್ದದ್ದು ಒಂದು ದಿನ ಬಿಟ್ಟು. ವೈರಸ್ ಕಾಯಿಲೆ ಆದ ಮೇಲೆ ಮೈ ಸಾಲ ಕೊಟ್ಟು, ಒಂದೆರಡು ದಿನ ಬಿಟ್ಟು ವಸೂಲಿಗೆ ಬರುತ್ತೆ. ಅದಕ್ಕೇ ವ್ಯಾಯಾಮ ಮಾಡುವಾಗಿನ ನಾಡಿಗಿಂತ ಮಾರನೇ ಬೆಳಿಗ್ಗೆ, ಅದರ ಮಾರನೇ ಬೆಳಿಗ್ಗೆ ಸಿಗೋ ನಾಡಿಗೆ ನಾನು ಹೆಚ್ಚು ಬೆಲೆ ಕೊಡ್ತೀನಿ.

ಯಾಕೆ ಏರಿರುತ್ತೆ? ಜ್ವರ ಹೋದರೂ ಒಳಗೆ ರಿಪೇರಿ ನಡೀತಾ ಇರುತ್ತೆ. ಐದು ದಿನ ಮಲಗಿದ್ದಕ್ಕೆ, ಸರಿಯಾಗಿ ಉಣ್ಣದೇ ಇದ್ದದ್ದಕ್ಕೆ ರಕ್ತದಲ್ಲಿ ನೀರಿನ ಅಂಶ ಕಮ್ಮಿಯಾಗಿರುತ್ತೆ. ಒಂದು ಬಡಿತಕ್ಕೆ ದೂಡೋ ರಕ್ತ ಕಮ್ಮಿಯಾದ್ರೆ ಹೃದಯ ಬಡಿತ ಹೆಚ್ಚಿಸಿ ಸರಿದೂಗಿಸುತ್ತೆ, ಅಷ್ಟೇ.

ಎಣಿಸೋದು ಹೇಗೆ? ಬೆಳಗ್ಗೆ ಎಚ್ಚರವಾದ ಮೇಲೆ, ಕಾಫಿಗೆ ಮುಂಚೆ, ಮೊಬೈಲ್‌ಗೂ ಮುಂಚೆ. ಮೂತ್ರಕ್ಕೆ ಅವಸರ ಇದ್ರೆ ಹೋಗಿ ಬಂದು ಮತ್ತೆ ಐದು ನಿಮಿಷ ಮಲಗಿ. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ತೋರುಬೆರಳು, ನಡುಬೆರಳು ಮೆಲ್ಲಗೆ ಇಡಿ. ಹೆಬ್ಬೆರಳಿಂದ ನೋಡಬೇಡಿ, ಅದಕ್ಕೆ ತನ್ನದೇ ಮಿಡಿತ ಇದೆ. ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದ್ರೆ, ತಪ್ಪಿದ ಒಂದು ಬಡಿತ ನಾಲ್ಕಾಗುತ್ತೆ. ಕೈಗಡಿಯಾರ ಇರೋರು ಅದನ್ನೇ ನೋಡಲಿ, ಆದ್ರೆ ಇವತ್ತು ಗಡಿಯಾರ, ನಾಳೆ ಬೆರಳು ಅಂತ ಬೆರೆಸಬೇಡಿ.

ಮತ್ತೆ ಬಾಮೈದ. ಮಂಗಳವಾರದಿಂದ ಮನೇಲಿ ಕೂರಿಸಿದೆ. ಮುಂದಿನ ಸೋಮವಾರ 70, ಬುಧವಾರ 66, ಗುರುವಾರ 64. ನಾನು ಇಟ್ಕೊಂಡಿರೋ ಅಂದಾಜು ಇದು, ಶಾಸ್ತ್ರ ಅಲ್ಲ: ತನ್ನ ಅಂಕಿಗಿಂತ ಐದರೊಳಗೆ, ಸತತ ಎರಡು ದಿನ ಬರಬೇಕು. ಮೈಕೈ ನೋವು, ಸುಸ್ತು, ಎದೆ ಕೆಮ್ಮು ಇರಬಾರದು. ಹತ್ತಕ್ಕಿಂತ ಹೆಚ್ಚಿದ್ರೆ ವಿಶ್ರಾಂತಿ. ನಡುವೆ ಇದ್ರೆ ಮನೆಕೆಲಸ ಸಾಕು. ಗುರುವಾರಕ್ಕೆ ಎರಡು ದಿನ ಆಯ್ತು, ಶುಕ್ರವಾರ ಬಿಟ್ಟೆ: ಹದಿನೈದು ನಿಮಿಷ, ಸಮತಟ್ಟಿನಲ್ಲಿ. 220ರಲ್ಲಿ ವಯಸ್ಸು 48 ಕಳೆದ್ರೆ 172. ಅದರ ಶೇಕಡಾ 70 ಅಂದ್ರೆ 120. ನಡೆಯುವಾಗ ಅದನ್ನ ದಾಟಬೇಡ ಅಂದೆ. ಈ ಸೂತ್ರ ಒರಟು, ಹತ್ತು ಹನ್ನೆರಡು ಆ ಕಡೆ ಈ ಕಡೆ ಆಗುತ್ತೆ. ಅದಕ್ಕೆ ಜೊತೆಯವರ ಹತ್ರ ಪೂರ್ತಿ ವಾಕ್ಯ ಮಾತಾಡೋಕೆ ಆಗ್ಬೇಕು ಅನ್ನೋದನ್ನೂ ಸೇರಿಸಿದೆ. ನಮ್ಮೂರಲ್ಲಿ ಅದು ಕಷ್ಟ ಅಲ್ಲ.

ಮೂರು ದಿನ ಅಷ್ಟೇ. ಬೆಳಗಿನ ನಾಡಿ ಕದಲಲಿಲ್ಲ, ಅರ್ಧ ಗಂಟೆ ಮಾಡಿದೆ. ಮುಂದಿನ ಭಾನುವಾರ ಕದ್ದು ಎರಡು ಗೇಮ್ ಶಟಲ್ ಆಡಿದ. ಸೋಮವಾರ 63, ಮೀಸೆ ತಿರುವಿದ. ಮಂಗಳವಾರ 73! ಪುಸ್ತಕ ಸುಳ್ಳು ಹೇಳಲಿಲ್ಲ. ಎರಡು ದಿನ ವಿಶ್ರಾಂತಿ, ಮತ್ತೆ ಹದಿನೈದು ನಿಮಿಷದಿಂದ. ಹಳೇ ಒಂದು ಗಂಟೆಗೆ ಬರೋ ಹೊತ್ತಿಗೆ ಜ್ವರ ಬಿಟ್ಟು ಒಂದು ತಿಂಗಳ ಮೇಲಾಗಿತ್ತು.

ಚೀಟಿ ಬಂತು, ಐದು ನಿಮಿಷ ಅಂತೆ. ನಾಡಿ ಮೋಸ ಮಾಡೋ ಕಡೆ ಬೇಗ ಹೇಳ್ತೀನಿ. ಡೆಂಗಿ ಆಗಿ ಸುಧಾರಿಸೋವಾಗ ಎಷ್ಟೋ ಜನಕ್ಕೆ ನಾಡಿ ನಿಧಾನವೇ ಆಗುತ್ತೆ, 50ಕ್ಕೆ ಇಳಿದದ್ದೂ ಉಂಟು. "ನನ್ನ ನಾಡಿ ಓಟಗಾರನ ನಾಡಿ" ಅಂತ ಖುಷಿಪಟ್ಟು ಓಡಬೇಡಿ, ಅಲ್ಲಿ ಈ ಲೆಕ್ಕ ನಡೆಯಲ್ಲ. ಬಿಪಿಗೆ, ಹೃದಯಕ್ಕೆ ಅಂತ ಮೆಟೊಪ್ರೊಲಾಲ್, ಅಟೆನೊಲಾಲ್ ನುಂಗೋರಿಗೂ ಹಾಗೇ, ಮಾತ್ರೆ ನಾಡಿಯನ್ನ ಹಿಡಿದು ಕೂರಿಸಿರುತ್ತೆ.

ಇನ್ನೊಂದು, ನಾಡಿ 62 ಬಂತು ಅಂದ ಮಾತ್ರಕ್ಕೆ ಹೃದಯಕ್ಕೆ ಏನೂ ಆಗಿಲ್ಲ ಅಂತಲ್ಲ. ಕೆಲವು ವೈರಸ್ ಹೃದಯದ ಸ್ನಾಯುವಿಗೇ ಉರಿಯೂತ ತರುತ್ತವೆ, ಅಪರೂಪಕ್ಕೆ. ಎದೆ ನೋವು, ಕೂತಲ್ಲೇ ಎದೆ ಡವಗುಟ್ಟೋದು, ತಲೆ ತಿರುಗಿ ಬೀಳೋದು, ಮಲಗಿದ್ರೆ ಉಸಿರು ಕಟ್ಟೋದು, ನಾಡಿ ತಾಳ ತಪ್ಪೋದು: ಇದರಲ್ಲಿ ಒಂದಿದ್ರೂ ಎಣಿಸ್ತಾ ಕೂರಬೇಡಿ, ಇಸಿಜಿ ಮಾಡಿಸಿ, ಡಾಕ್ಟರ್ ಹೇಳಿದ್ರೆ ಟ್ರೋಪೋನಿನ್ ರಕ್ತಪರೀಕ್ಷೆ, ಹೃದಯದ ಎಕೋ ಸ್ಕ್ಯಾನ್. ಉರಿಯೂತ ಖಾತ್ರಿಯಾದ್ರೆ ಜೋರಿನ ಆಟ ಮೂರರಿಂದ ಆರು ತಿಂಗಳು ಬಂದ್. ಗರಡಿ ಮನೆ ಹುಡುಗರಿಗೆ ಇದನ್ನ ದಯವಿಟ್ಟು ಮುಟ್ಟಿಸಿ, ಅವರೇ ಕೇಳದವರು.

ಎದ್ದು ನಿಂತಾಗ ನಾಡಿ 30 ಏರಿ, ಹತ್ತು ನಿಮಿಷ ನಿಂತರೂ ಇಳಿಯದೇ ಇದ್ದರೆ ಅದೂ ಬೇರೆ ಕಥೆ. ಅದಕ್ಕೆ ಇವತ್ತು ಸಮಯ ಇಲ್ಲ, ಕ್ಲಿನಿಕ್‌ಗೆ ಬನ್ನಿ.

ಅಲ್ಲಿ ಮೂರನೇ ಸಾಲಿನ ಯಜಮಾನರೆ, ಆಗಲೇ ಕೈ ಹಿಡ್ಕೊಂಡು ಎಣಿಸ್ತಿದ್ದೀರಿ, ನೋಡಿದೆ. ಬಿಡಿ ಸಾರ್. ಕಾಫಿ ಆಗಿದೆ, ನನ್ನ ಭಾಷಣ ಆಗಿದೆ, ಈಗ ಮಿರ್ಚಿ ವಾಸನೆ ಬೇರೆ. ನಾಳೆ ಬೆಳಗ್ಗೆ ಹಾಸಿಗೇಲಿ ಎಣಿಸಿ.