ದೀಪ ಟೇಬಲ್‌ ನಡುವೆಯೇ ಇದೆ, ಆದರೂ ಸೊಟ್ಟ!

ಕಂಪ್ಯೂಟರ್‌ನಲ್ಲಿ ಮಾಡಿದ ಈ ರೆಂಡರ್ ಚಿತ್ರವನ್ನು ಸ್ವಲ್ಪ ನೋಡಿ. ಊಟದ ಕೋಣೆ, ಗಟ್ಟಿ ಮರದ ಟೇಬಲ್, ಅದೇ ಮರದ ಆರು ಕುರ್ಚಿ, ಮೇಲೊಂದು ತೂಗುದೀಪ. ಎಲ್ಲಾ ಸರಿಯಾಗಿದೆ, ಆದರೂ ಏನೋ ಸೊಟ್ಟಗಿದೆ ಅನ್ನಿಸುತ್ತದೆ, ಅಲ್ವಾ? ಅದೇನು ಅಂತ ಹುಡುಕೋಕೆ ನನಗೆ ಅರ್ಧ ದಿನ ಹಿಡಿಯಿತು.

ಮೊದಲ ತಪ್ಪು ನನ್ನದೇ. ದೀಪವನ್ನು ಸೀಲಿಂಗ್‌ನ ನಡುವೆ ನೇತುಹಾಕಿದ್ದೆ. ಟೇಬಲ್ ಮಾತ್ರ ಕೋಣೆಯ ನಡುವೆ ಇರಲಿಲ್ಲ. ಒಂದು ಗೋಡೆಗೆ ಕಪಾಟು ಬಂದದ್ದರಿಂದ ಟೇಬಲನ್ನು 30 ಸೆಂಟಿಮೀಟರ್ ಕಿಟಕಿ ಕಡೆ ಸರಿಸಿದ್ದೆ. ದೀಪ ಇರಬೇಕಾದದ್ದು ಟೇಬಲ್‌ಗೆ ನೇರವಾಗಿ, ಕೋಣೆಗಲ್ಲ.

ಸರಿ, ಬ್ಲೆಂಡರ್ ಅನ್ನೋ 3D ಸಾಫ್ಟ್‌ವೇರ್‌ನಲ್ಲಿ ಟೇಬಲ್‌ನ ಜಾಗಕ್ಕೆ ದೀಪವನ್ನು ತರೋಣ ಅಂತ 3D ಕರ್ಸರ್ ಅಲ್ಲಿಟ್ಟು Shift+S ಒತ್ತಿ Selection to Cursor ಕೊಟ್ಟೆ. ದೀಪ ಎತ್ತರವನ್ನೂ ಬಿಟ್ಟು ಟೇಬಲ್ ಒಳಗೇ ಇಳಿದು ಕೂತಿತು! ಹಾಗೆ ಮಾಡಬಾರದು. ಟೇಬಲ್ ಇರುವ ಜಾಗದ X ಮತ್ತು Y ಎರಡನ್ನೇ ನಕಲು ಮಾಡಿ, ಎತ್ತರದ Z ಅನ್ನು ಮುಟ್ಟದೆ ಬಿಡಬೇಕು.

ಅದನ್ನೂ ಮಾಡಿದೆ. ಆದರೂ ದೀಪ ಒಂದು ತುದಿಗೆ ವಾಲಿದ ಹಾಗಿತ್ತು. ಇಲ್ಲಿದೆ ನೋಡಿ ನಿಜವಾದ ಕಿತಾಪತಿ. ಕ್ಯಾಮೆರಾಗೆ ಹತ್ತಿರ ಕಾಣುವ ಟೇಬಲ್ ತುದಿಯ ಅಂಚನ್ನು ನುಣುಪು ಮಾಡಲು ಅಲ್ಲಿ ಮಾತ್ರ ಜಾಸ್ತಿ ವರ್ಟೆಕ್ಸ್, ಅಂದರೆ ಆಕಾರ ಕಟ್ಟುವ ಬಿಂದುಗಳನ್ನು ಕೊಟ್ಟಿದ್ದೆ. X, Y, Z ಲೆಕ್ಕ ಹಾಕುವುದು ವಸ್ತುವಿನ ಒರಿಜಿನ್ ಅನ್ನೋ ಬಿಂದುವಿನಿಂದ; Origin to Geometry ಸುಮ್ನೆ ಒತ್ತಿದರೆ ಅದು ಎಲ್ಲ ವರ್ಟೆಕ್ಸ್‌ಗಳ ಸರಾಸರಿ ಜಾಗವನ್ನು ಹಿಡಿಯುತ್ತದೆ. ಎಲ್ಲಿ ದಟ್ಟವಾಗಿವೆಯೋ ಆ ಕಡೆಗೆ ಟೇಬಲ್‌ನ ಒರಿಜಿನ್ ಜಾರಿತ್ತು, ದೀಪವೂ ಅದರ ಹಿಂದೆಯೇ ಹೋಗಿತ್ತು. ಅದೇ ಕಮಾಂಡ್‌ನ ಆಯ್ಕೆಯಲ್ಲಿ Bounds Center ಇಟ್ಟರೆ ಮೆಶ್‌ನ ಹೊರ ಅಂಚುಗಳ ನಡುಮಧ್ಯ ಸಿಗುತ್ತದೆ. ದೀಪಕ್ಕೂ ಹಾಗೇ ಮಾಡಿ, X, Y ಮತ್ತೆ ನಕಲು ಮಾಡಿದೆ.

ಮತ್ತೆ ರೆಂಡರ್. ಮತ್ತೆ ಸೊಟ್ಟ! ಈ ಸಲ ತಪ್ಪು ಕಣ್ಣಿನದ್ದು. ಕ್ಯಾಮೆರಾ ಮೂಲೆಯಲ್ಲಿದ್ದದ್ದರಿಂದ ಟೇಬಲ್‌ನ ಹತ್ತಿರದ ಅರ್ಧ ದೊಡ್ಡದಾಗಿ, ದೂರದ ಅರ್ಧ ಚಿಕ್ಕದಾಗಿ ಕಾಣುತ್ತದೆ. ಹಾಗಾಗಿ ನಿಜವಾದ ನಡು ಚಿತ್ರದಲ್ಲಿ ನಡುವಿಗಿಂತ ಹಿಂದೆ ಬೀಳುತ್ತದೆ. ಕಣ್ಣಿಗೆ ಸರಿ ಕಾಣಲಿ ಅಂತ ದೀಪವನ್ನು ಮುಂದಕ್ಕೆ ತಳ್ಳಿದರೆ, ಬೆಳಕಿನ ವೃತ್ತವೂ ಅದರ ಜೊತೆಗೇ ಸರಿದು ಗುಟ್ಟು ಬಯಲಾಗುತ್ತದೆ.

ಎತ್ತರವೂ ಕಾಟ ಕೊಟ್ಟಿತ್ತು. ಟೇಬಲ್ 75 ಸೆಂಟಿಮೀಟರ್, ದೀಪದ ತಳ ಅದರ ಮೇಲೆ 110. ಅಷ್ಟು ಮೇಲಿದ್ದರೆ ದೀಪಕ್ಕೂ ಟೇಬಲ್‌ಗೂ ಸಂಬಂಧವೇ ಇಲ್ಲದ ಹಾಗೆ ಕಾಣುತ್ತದೆ. 75ಕ್ಕೆ ಇಳಿಸಿದೆ. ಈಗ ಬೆಳಕು ಮರದ ಮೇಲೆ ಒಂದು ಕಡೆ ಕೂಡಿ ಬೀಳುತ್ತದೆ, ಗೆರೆಗಳು ಎದ್ದು ಕಾಣುತ್ತವೆ.

ಸರಿಯಾಗಿದೆಯಾ ಅಂತ ನೋಡಲು ನಾನು ಮಾಡುವುದು ಇಷ್ಟೇ. ದೀಪದ ತಳದ ನಡುವಿಂದ ತೆಳ್ಳನೆಯ ಸಿಲಿಂಡರ್ ಒಂದನ್ನು ಟೇಬಲ್‌ವರೆಗೆ ಇಳಿಸುತ್ತೇನೆ, ದಾರಕ್ಕೆ ಗುಂಡು ಕಟ್ಟಿ ಬಿಟ್ಟ ಹಾಗೆ. ಮೂಲೆಯಿಂದ ಮೂಲೆಗೆ ಎಳೆದ ಎರಡು ಗೆರೆಗಳು ಕೂಡುವಲ್ಲಿ ಅದು ಮುಟ್ಟಿದರೆ ಸಾಕು.

ಆಮೇಲೆ ಅದನ್ನು ಅಳಿಸಬೇಕು. ಈಗ ತೆರೆಯ ಮೇಲಿರುವ ನನ್ನ ‘ಕೊನೆಯ’ ರೆಂಡರ್ ನೋಡಿ. ಟೇಬಲ್ ನಡುವೆ ಊದುಬತ್ತಿ ಥರ ನಿಂತಿದೆಯಲ್ಲ, ಅದೇ.