ಜೋಳದ ರೊಟ್ಟಿಯಾಗ ಗೋಧಿ ಎಲ್ಲಿಂದ ಬಂತು?

ಎಸರು ಇಟ್ಟಾಗ್ಯದ, ಕುದಿಯೋತನಕ ಮಾತಾಡೋಣ ಬರ್ರಿ. ಇವತ್ತು ಸೀಲಿಯಾಕ್ ಇರೋರಿಗೆ, ಅಂದ್ರ ಗೋಧಿಯಾಗಿನ ಗ್ಲುಟೆನ್ ಅನ್ನೋ ಜಿಗುಟು ಪ್ರೋಟೀನ್ ಹೊಟ್ಟಿಗೆ ಹೋದ್ರ ಕರುಳು ಕೆಡೋ ರೋಗ ಇರೋರಿಗೆ ಅಡುಗಿ: ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಬದನಿಕಾಯಿ ಪಲ್ಯ. ರಾಯಚೂರಿನ್ಯಾಗ ಇದೇನ್ ದೊಡ್ಡ ಮಾತು, ದಿನಾ ಉಣ್ಣೋದೇ ಜೋಳ, ಚಪಾತಿ ಬಿಟ್ರ ಆತು ಅನಸ್ತದ. ಅಲ್ಲೇ ಸಿಕ್ಕಿ ಬೀಳೋದು.

ಮರದಾಗ ಆರಿಸ್ಲಿಕತ್ತಿರೋದು ಕಲ್ಲಲ್ಲ, ಗೋಧಿ ಕಾಳು. ಸಿಕ್ತು, ನೋಡ್ರಿ. ಜೋಳ ಗುಂಡಗ ಇರ್ತದ, ಇದು ಉದ್ದಕ, ಹೊಟ್ಟಿ ಮ್ಯಾಲೆ ಸೀಳು. ಒಂದು ಕಾಳು ಸುಮಾರು 40 ಮಿಲಿಗ್ರಾಂ, ಅದರಾಗ ಗ್ಲುಟೆನ್ 4 ಮಿಲಿಗ್ರಾಂ ಅಂತ ಹಿಡೀರಿ. ಪಾಕೀಟಿನ ಮ್ಯಾಲೆ ಗ್ಲುಟೆನ್ ಇಲ್ಲ ಅಂತ ಬರೀಬೇಕಂದ್ರ ನಮ್ಮ ದೇಶದ ನಿಯಮದಾಗ ಕಿಲೋಕ್ಕ 20 ಮಿಲಿಗ್ರಾಂ ದಾಟಬಾರದು. ಅಂದ್ರ ಕಿಲೋ ಜೋಳದಾಗ ಐದು ಗೋಧಿ ಕಾಳು ಬಂದ್ರ ಅಲ್ಲಿಗೆ ಲೆಕ್ಕ ಮುಗೀತು. ಅದಕ್ಕ ಎರಡು ಸಲ ಆರಿಸೋದು.

ಈಗ ಗಿರಣಿ ವಿಷಯ. ಇದರ ಮ್ಯಾಲೆ ನನಗ ಭಾಳ ಸಿಟ್ಟದ. ಹಿಂದಿನವರು ಗೋಧಿ ಬೀಸಿಸ್ಕೊಂಡು ಹೋಗ್ಯಾರ, ಅದೇ ಕಲ್ಲಿಗೆ ನಮ್ಮ 5 ಕಿಲೋ ಜೋಳ ಬೀಳ್ತದ. ಕಲ್ಲಿನ ಸಂದ್ಯಾಗ, ಹಿಟ್ಟು ಬೀಳೋ ಬಟ್ಟಿ ಚೀಲದಾಗ ಒಂದು ಮುಷ್ಟಿ, 50 ಗ್ರಾಂ ಗೋಧಿಹಿಟ್ಟು ಉಳಿದಿತ್ತು ಅನ್ಕೊಳ್ರಿ. ಗೋಧಿಹಿಟ್ಟಿನ್ಯಾಗ ಸುಮಾರು ಹತ್ತನೇ ಒಂದು ಪಾಲು ಗ್ಲುಟೆನ್. 50 ಗ್ರಾಂ ಅಂದ್ರ 5 ಗ್ರಾಂ ಗ್ಲುಟೆನ್, ಅಂದ್ರ 5000 ಮಿಲಿಗ್ರಾಂ. 5 ಕಿಲೋಕ್ಕ ಹಂಚಿದ್ರ ಕಿಲೋಕ್ಕ 1000. ಇರಬೇಕಾದ್ದು 20. ಐವತ್ತು ಪಟ್ಟು! ಕಣ್ಣಿಗೆ ಕಾಣಂಗಿಲ್ಲ, ರುಚಿಗೂ ಗೊತ್ತಾಗಂಗಿಲ್ಲ. "ಅಣ್ಣಾ, ಸ್ವಲ್ಪ ಝಾಡಿಸಿ ಹಾಕ್ರಿ" ಅಂದ್ರ ಹಾಕ್ತಾರ, ಪಾಪ, ಆದ್ರ ಝಾಡಿಸಿದ್ರ ಹೋಗೋದು ಮ್ಯಾಲಿಂದು ಅಷ್ಟೇ. ಮುಂಜಾನೆ ಮೊದಲ್ನೇ ಪಾಳಿ ಹಿಡಿದ್ರೂ ಹಿಂದಿನ ಸಂಜಿ ಗೋಧಿ ಕಲ್ಲಿನ್ಯಾಗೇ ಕೂತಿರ್ತದ. ಮೊದಲು ಎರಡು ಕಿಲೋ ಜೋಳ ಬೀಸಿಸಿ, ಅದನ್ನ ಬ್ಯಾರೇ ತೆಗೆದಿಟ್ಟು, ಆಮ್ಯಾಲೆ ನಮ್ಮದು ಹಾಕಿದ್ರ ನಡೀತದ ಅಂತಾರ. ನಡೀತದ… ಇಲ್ಲ, ನಡೆಯಂಗಿಲ್ಲ. ಕಡಿಮಿ ಆಗ್ತದ, ಎಷ್ಟು ಕಡಿಮಿ ಆತು ಅಂತ ಹೇಳಲಿಕ್ಕೆ ಯಾರಿಗೂ ಬರಂಗಿಲ್ಲ. ಬಾಜೂ ಗಿರಣಿಯಾಗ ಗೋಧಿ ಓಡ್ತಿದ್ರ ಅದರ ಧೂಳು ಬ್ಯಾರೇ.

ಅದಕ್ಕ ಮಿಕ್ಸಿ. ಜೋಳಕ್ಕಂತನೇ ಇಟ್ಟ ಜಾರ್, ಒಂದು ಸಲಕ್ಕ ಕಾಲು ಕಿಲೋ, ಬಿಟ್ಟು ಬಿಟ್ಟು ತಿರುವ್ಬೇಕು, ಇಲ್ಲಾಂದ್ರ ಮೋಟರ್ ಬಿಸಿ ಆಗ್ತದ. ಸಾಣಿಗಿ ಹೊಸಾದು. ಹಳೇ ಸಾಣಿಗಿ ಕಣ್ಣಾಗ ಕೂತ ಗೋಧಿಹಿಟ್ಟು ಎಷ್ಟು ತೊಳೆದ್ರೂ ಪೂರ್ತಿ ಹೋಗಂಗಿಲ್ಲ.

ಎಸರು ಕುದೀತು, ಹಿಟ್ಟಿಗೆ ಹಾಕೋಣ. ಒಂದು ಬಟ್ಟಲ ಹಿಟ್ಟಿಗೆ ಮುಕ್ಕಾಲು ಬಟ್ಟಲ ನೀರು, ಉಳಿದದ್ದು ನಾದ್ತಾ ನೋಡಿ ಹಾಕ್ರಿ. ಅಯ್ಯ, ನೋಡ್ರಿ, ಅಂಚು ಬಿರೀತು. ಜೋಳದಾಗ ಜಿಗುಟು ಹಿಡಿಯೋ ಗ್ಲುಟೆನ್ ಇಲ್ಲ, ಕುದಿಯೋ ನೀರಿಗೆ ಹಿಟ್ಟು ಬೆಂದೇ ಜಿಗಿ ಬರಬೇಕು. ಮಿಕ್ಸಿ ಹಿಟ್ಟು ಸ್ವಲ್ಪ ತರಿ ಇರ್ತದ, ಹಂಗಾಗಿ ಬಿಸಿ ಇದ್ದಾಗಲೇ ಇನ್ನಷ್ಟು ನಾದ್ಬೇಕು. ಎಷ್ಟೋ ಕಡೆ ಬಿರೀಬಾರದು ಅಂತ ಒಂದು ಹಿಡಿ ಗೋಧಿಹಿಟ್ಟು ಕಲಿಸ್ತಾರ. ಹೊರಗ ಸಿಗೋ ಜೋಳದ ರೊಟ್ಟಿ ನಂಬಬ್ಯಾಡ್ರಿ ಅನ್ನೋದು ಇದಕ್ಕೇ.

ಒಗ್ಗರಣಿ ಕಾಣ್ತದಲ್ಲ, ಅದನ್ನೇನ್ ಹೇಳೋದು. ಇಂಗು ಮಾತ್ರ ಡಬ್ಬಿ ತಿರುವಿ ಓದ್ರಿ. ಪುಡಿ ಇಂಗಿನ್ಯಾಗ ಖರೇ ಇಂಗು ಸ್ವಲ್ಪ, ಉಳಿದದ್ದು ಗೋಂದು, ಹಿಟ್ಟು. ಆ ಹಿಟ್ಟು ಭಾಳ ಸಲ ಗೋಧೀದೇ ಇರ್ತದ. ಅಕ್ಕಿಹಿಟ್ಟಿಂದು ಸಿಗದಿದ್ರ ಇಂಗೇ ಬ್ಯಾಡ, ಬಳ್ಳೊಳ್ಳಿ ನಾಲ್ಕು ಹೆಚ್ಚಿಗಿ ಹಾಕ್ರಿ. ಬಳ್ಳೊಳ್ಳಿ ಇದ್ರ ಇಂಗು ಯಾಕ ಬೇಕು ಅನ್ನೋದು ನನ್ನ ಮಾತು, ಬ್ಯಾಳಿಗೆ ಮಾತ್ರ ಇರಲಿ ಅನಸ್ತದ. ಸೋಯಾ ಸಾಸೂ ಹಂಗೇ, ಹೆಸರು ಸೋಯಾ, ಭಾಳ ಸಲ ಒಳಗ ಗೋಧಿ ಹಾಕಿ ಹುದುಗಿಸಿದ್ದು. ಗೋಬಿ ಮಂಚೂರಿಗೆ ಮೈದಾ ಬದಲು ಕಾರ್ನ್‌ಫ್ಲೋರ್ ಹಾಕಿ ಗೆದ್ವಿ ಅನ್ಕೊಂಡೋರು ಸಾಸಿನ್ಯಾಗ ಸೋಲ್ತಾರ. ಇರಲಿ, ರೊಟ್ಟಿ ಸೀದು ಹೋಗ್ತದ!

ರೊಟ್ಟಿ ಮ್ಯಾಲೆ ನೀರು ಸವರ್ಲಿಕತ್ತಿರೋ ಬಟ್ಟಿ ನೋಡ್ರಿ, ಇದೂ ಬ್ಯಾರೇನೇ. ಚಪಾತಿ ಹಂಚು ಒರೆಸಿದ ಬಟ್ಟಿ ಇದೇ ನೀರಿನ್ಯಾಗ ಅದ್ದಿದ್ರ ಇಷ್ಟೊತ್ತು ಪಟ್ಟ ಪಾಡೆಲ್ಲ ನೀರಾಗ ಹೋತು. ಮರದ ಲಟ್ಟಣಿಗಿ, ಮರದ ಸೌಟು ಹಂಚ್ಕೋಬ್ಯಾಡ್ರಿ, ಬಿರುಕಿನ್ಯಾಗ ಹಿಟ್ಟು ಕೂತಿರ್ತದ. ಸ್ಟೀಲಿಂದು ಸೋಪು ಹಚ್ಚಿ ತಿಕ್ಕಿ ತೊಳೆದ್ರ ಸಾಕು. ಕಾದ ಎಣ್ಣಿಯಾಗ ಎಲ್ಲಾ ಸುಟ್ಟು ಹೋಗ್ತದ ಅಂತಾರಲ್ಲ, ಅದು ಸುಳ್ಳು. ಗ್ಲುಟೆನ್ ಬಿಸಿಗೆ ಹೋಗಂಗಿಲ್ಲ, ಪೂರಿ ಕರಿದ ಎಣ್ಣಿಯಾಗ ಮಿರ್ಚಿ ಬಜಿ ಬಿಡಬ್ಯಾಡ್ರಿ.

ಉಂಡು ಹೊಟ್ಟಿ ನೋಯ್ಲಿಲ್ಲ, ಅಂದ್ರ ಅಡುಗಿ ಸರಿ ಇತ್ತು ಅಂತನೂ ಲೆಕ್ಕ ಹಾಕ್ಬ್ಯಾಡ್ರಿ. ಕೆಲವರಿಗೆ ನೋವೇ ಬರಂಗಿಲ್ಲ, ಒಳಗ ಕರುಳು ಕೆಡ್ತಿರ್ತದ, ರಕ್ತ ಪರೀಕ್ಷೆದಾಗ ಕೆಲವು ಸಲ ಕಾಣ್ತದ.

ಉಬ್ಬಿತು, ಉಬ್ಬಿತು! ಕ್ಯಾಮೆರಾ ಈ ಕಡೆ ತರ್ರಿ.