ವಿಷು ಕಣಿ: ಕನ್ನಡಿಯ ಓರೆ, ಕಕ್ಕೆ ಹೂವಿನ ಹೊತ್ತು

ಕೇಳುಗರಿಗೆ ನಮಸ್ಕಾರ.

ನಾನು ಪುತ್ತೂರಿನ ಕಡೆಯವಳು. ಮದುವೆಯಾಗಿ ಹೋದದ್ದು ಕೇರಳದ ಒಟ್ಟಪ್ಪಾಲಂಗೆ. ಅಲ್ಲಿಯ ವಿಷು ಹಬ್ಬವೇ ನಮ್ಮ ತುಳುನಾಡಿನ ಬಿಸು, ನಾವೂ ಆ ದಿನ ಕಣಿ ಇಡುತ್ತೇವೆ. ಕಣಿ ಅಂದರೆ ಹಬ್ಬದ ಬೆಳಗ್ಗೆ ನೋಡಲೆಂದು ಜೋಡಿಸಿಡುವ ಹಣ್ಣು, ಹೂ, ಕನ್ನಡಿ ಮುಂತಾದವು. ಹಾಗಾಗಿ ಮೊದಲ ವರ್ಷ ಅತ್ತೆಗೆ, "ಅಮ್ಮಾ, ಕಣಿ ನಾನೇ ಇಡ್ತೇನೆ" ಅಂದೆ. ಗೊತ್ತಿರುವ ಕೆಲಸ, ಅಲ್ವಾ?

ಮಧ್ಯಾಹ್ನವೇ ಎಲ್ಲ ಜೋಡಿಸಿಬಿಟ್ಟೆ. ಬೆಳಗಿನ ಜಾವ ನೋಡಿದರೆ ಕಕ್ಕೆ ಹೂವಿನ ಗೊಂಚಲಿನಲ್ಲಿ ಬರೀ ಕಡ್ಡಿ. ಎಸಳೆಲ್ಲ ನೆಲದ ಮೇಲೆ. ಕನ್ನಡಿಯಲ್ಲಿ ಕಂಡದ್ದು ನನ್ನ ಮುಖವಲ್ಲ, ಸೀರೆಯ ನೆರಿಗೆ. ಅತ್ತೆ ನಗಲಿಲ್ಲ. "ಮೋಳೆ, ಬರುವ ವರ್ಷ ನನ್ನ ಜೊತೆ ಕೂತ್ಕೋ" ಅಂದರು. ಮೋಳೆ ಅಂದರೆ ಮಗಳೇ. ಆಮೇಲೆ ಅವರಿಂದ ಕಲಿತದ್ದನ್ನೇ ಈಗ ಹೇಳುತ್ತೇನೆ.

ವಿಷು ಬರುವುದು ಏಪ್ರಿಲ್ 14 ಅಥವಾ 15ಕ್ಕೆ, ಮಲಯಾಳ ಪಂಚಾಂಗದ ಮೇಡ ತಿಂಗಳ ಶುರುವಿನಲ್ಲಿ. ಆ ದಿನ ಕಣ್ಣು ತೆರೆದಾಗ ಮೊದಲು ಕಾಣಬೇಕಾದದ್ದು ಕಣಿ. ಅದಕ್ಕೇ ಹಿಂದಿನ ರಾತ್ರಿ ಊಟವಾಗಿ, ಅಡುಗೆಮನೆ ತೊಳೆದು, ಮಕ್ಕಳು ಮಲಗಿದ ಮೇಲೆಯೇ ಅತ್ತೆ ಕೈ ಹಚ್ಚುತ್ತಿದ್ದರು. ದೇವರ ಕೋಣೆ ಗುಡಿಸಿ ಒರೆಸಿ, ನೆಲ ಒಣಗುವವರೆಗೆ ಕಾಯುತ್ತಿದ್ದರು. ಒದ್ದೆ ನೆಲಕ್ಕೆ ಬಿದ್ದ ಅಕ್ಕಿಕಾಳು ಅಲ್ಲೇ ಅಂಟಿಕೊಳ್ಳುತ್ತದೆ ನೋಡಿ.

ಕಣಿ ಜೋಡಿಸುವುದು ಉರುಳಿಯಲ್ಲಿ. ಉರುಳಿ ಅಂದರೆ ಅಗಲ ಬಾಯಿಯ ಕಂಚಿನ ಪಾತ್ರೆ. ಅದಕ್ಕೆ ಅರ್ಧದಷ್ಟು ಬೆಳ್ತಿಗೆ ಅಕ್ಕಿ. ಅಕ್ಕಿ ಸುಮ್ನೆ ಶಾಸ್ತ್ರಕ್ಕಲ್ಲ, ಅದರಲ್ಲಿ ಊರಿದ ವಸ್ತು ಹೊರಳುವುದಿಲ್ಲ. ಹಿಂದೆ ದಪ್ಪನೆಯ ಹಳದಿ ಸೌತೆ, ಪಕ್ಕಕ್ಕೆ ತೊಟ್ಟು ಸಮೇತ ಮಾವು, ಬಾಳೆಹಣ್ಣು. ಮುಂದೆ ವೀಳ್ಯದೆಲೆ, ಅಡಿಕೆ, ಕುಂಕುಮ, ಕಾಡಿಗೆ, ನಾಣ್ಯ, ಒಂದೆಳೆ ಚಿನ್ನ, ಮಡಿಸಿದ ಹೊಸ ಬಟ್ಟೆ. ಹಲಸಿನಕಾಯಿ ಉರುಳಿಯ ಹೊರಗೆ. ತೊಟ್ಟು ಕೊಯ್ದ ಜಾಗದ ಮೇಣ ಬಟ್ಟೆಗೆ ತಾಗಿದರೆ ಹೋಗುವುದಿಲ್ಲ, ಹಾಗಾಗಿ ಕೆಳಗೊಂದು ಬಾಳೆಲೆ. ಗೇರುಹಣ್ಣು ರಾತ್ರಿಯೇ ಇಟ್ಟರೆ ಇರುವೆ ಗ್ಯಾರಂಟಿ. ಹಾಗಾಗಿ ನಮ್ಮಲ್ಲಿ ಆ ಹಣ್ಣನ್ನು ಬೆಳಗ್ಗೆಯೇ ಇಡುತ್ತಿದ್ದೆವು.

ಒಡೆದ ತೆಂಗಿನಕಾಯಿಯ ಹೋಳಿನಲ್ಲಿ ಎಣ್ಣೆ ಹಾಕಿ ದೀಪ ಹಚ್ಚುತ್ತಾರೆ. ಒಳಗಿನ ಪಸೆಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿಯೇ ಎಣ್ಣೆ ಹಾಕಬೇಕು. ನೀರು ಉಳಿದರೆ ಬತ್ತಿ ಚಟಚಟ ಅನ್ನುತ್ತದೆ, ಆರಿಯೂ ಹೋಗುತ್ತದೆ.

ಇನ್ನು ಕನ್ನಡಿ. ಅನುಕೂಲ ಇದ್ದವರು ಆರನ್ಮುಳ ಕನ್ನಡಿ ಇಡುತ್ತಾರೆ. ಅದು ಗಾಜಲ್ಲ, ತಾಮ್ರ ಮತ್ತು ತವರ ಬೆರೆಸಿ ಎರಕ ಹೊಯ್ದು ಉಜ್ಜಿದ ಲೋಹ. ಎಣ್ಣೆಕೈ ತಾಗಿಸಬಾರದು, ಮಂಕಾಗುತ್ತದೆ. ನಮ್ಮ ಮನೆಯದು ಸಾದಾ ಗಾಜಿನ ಕನ್ನಡಿ. ಯಾವುದಾದರೂ ಸರಿ, ಮುಖ್ಯವಾದದ್ದು ಅದರ ಓರೆ. ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದರೆ ನಿಂತವರಿಗೆ ಸೊಂಟದ ಕೆಳಗೆ ಮಾತ್ರ ಕಾಣುತ್ತದೆ, ನನಗಾದಂತೆ. ಜಾಸ್ತಿ ಹಿಂದಕ್ಕೆ ಒರಗಿಸಿದರೆ ಮಾಡು ಕಾಣುತ್ತದೆ. ಅತ್ತೆಯ ಉಪಾಯ ಸುಲಭ. ಉರುಳಿಯಿಂದ ಮೂರು ಅಡಿ ದೂರ ಒಂದು ಮಣೆ. ಎಲ್ಲರೂ ಅದರ ಮೇಲೆ ಕೂತೇ ನೋಡಬೇಕು. ರಾತ್ರಿಯೇ ನನ್ನನ್ನು ಆ ಮಣೆಯಲ್ಲಿ ಕೂರಿಸಿ, "ಮುಖ ಕಾಣ್ತದಾ?" ಅಂತ ಕೇಳುತ್ತಾ, ಕನ್ನಡಿಯ ಹಿಂದೆ ಬಟ್ಟೆಯ ಮಡಿಕೆ ಒಂದೊಂದಾಗಿ ತುರುಕುತ್ತಿದ್ದರು. ಮಗುವಾದರೆ ತೊಡೆಯ ಮೇಲೆ. ದೀಪ ಪಕ್ಕಕ್ಕಿರಲಿ. ಕನ್ನಡಿಯ ಎದುರಿಗೇ ಇಟ್ಟರೆ ಕಣ್ಣಿಗೆ ಕುಕ್ಕುತ್ತದೆ, ಹೊಗೆ ತಾಗಿ ಕನ್ನಡಿ ಕಪ್ಪಾಗುತ್ತದೆ.

ಕಕ್ಕೆ ಹೂ ಕಟ್ಟಕಡೆಗೆ. ಮಲಯಾಳದಲ್ಲಿ ಅದು ಕಣಿಕೊನ್ನ. ಸಂಜೆ ಗೊಂಚಲು ತರುವಾಗ ಪೂರ್ತಿ ಅರಳಿದ್ದು ಬೇಡ. ಮೇಲಿನ ಹೂ ಅರಳಿ, ತುದಿಯಲ್ಲಿ ಇನ್ನೂ ಮೊಗ್ಗು ಇರಬೇಕು. ಮೆಲ್ಲಗೆ ಅಲುಗಿಸಿ ನೋಡಿ, ಎಸಳು ಉದುರಿದರೆ ಆ ಗೊಂಚಲು ಬಿಟ್ಟುಬಿಡಿ. ರಾತ್ರಿಯಿಡೀ ದಂಟು ನೀರಿನ ಚೊಂಬಿನಲ್ಲಿ, ತಂಪಾದ ಮೂಲೆಯಲ್ಲಿ. ಈಗ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಕಕ್ಕೆ ಹೂವೂ ಸಿಗುತ್ತದೆ. ನನಗಂತೂ ಅದಕ್ಕಿಂತ ನಾಲ್ಕೇ ನಾಲ್ಕು ನಿಜವಾದ ಹೂ ಸಾಕು.

ನಸುಕಿಗೆ ನಾಲ್ಕು ಗಂಟೆಗೆ ಅತ್ತೆ ಮೊದಲು ಏಳುತ್ತಿದ್ದರು. ಕತ್ತಲಲ್ಲೇ ತಡವರಿಸಿ ಬೆಂಕಿಪೊಟ್ಟಣ ಹುಡುಕಬಾರದಲ್ಲ, ಅದಕ್ಕೆ ರಾತ್ರಿಯೇ ಅದನ್ನು ದೀಪದ ಬಲಕ್ಕೆ ಇಟ್ಟಿರುತ್ತಿದ್ದರು. ಮೊದಲ ಕಣಿ ಅವರದೇ. ದೀಪ ಹಚ್ಚಿ, ಕೃಷ್ಣನ ವಿಗ್ರಹದ ಮುಂದೆ ಹೂ ಇಟ್ಟು, ಆಮೇಲೆ ನಮ್ಮನ್ನು ಒಬ್ಬೊಬ್ಬರಾಗಿ ಕಣ್ಣು ಮುಚ್ಚಿಸಿ ಕೈ ಹಿಡಿದು ಕರೆತರುತ್ತಿದ್ದರು. ಹೊಸ್ತಿಲು ಬಂದಾಗ "ಕಾಲೆತ್ತು" ಅನ್ನುವುದು, ಮಣೆ ಕಾಲಿಗೆ ತಾಗಿದಾಗ "ಕೂತ್ಕೋ" ಅನ್ನುವುದು. ಆಮೇಲೆ ಕಣ್ಣು ಬಿಡು.

ನೋಡಿದವರ ಅಂಗೈಗೆ ಒಂದು ನಾಣ್ಯ, ಅದು ಕೈನೀಟ್ಟಂ. ಏಳಲಾಗದ ಮುತ್ತಜ್ಜಿಯ ಹಾಸಿಗೆಯ ಹತ್ತಿರಕ್ಕೆ ಉರುಳಿಯನ್ನೇ ಹೊತ್ತು ಒಯ್ಯುತ್ತಿದ್ದೆವು. ಕೊನೆಗೆ ಕೊಟ್ಟಿಗೆಗೆ. ದನಕ್ಕೂ ಕಣಿ ತೋರಿಸಬೇಕು. ಅದಕ್ಕೆ ಕನ್ನಡಿಯ ಚಿಂತೆ ಇಲ್ಲ, ಮೂತಿ ಚಾಚುವುದು ಸೌತೆಕಾಯಿಯ ಕಡೆಗೇ.